‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’: ರಸೀದಿಯ ಆ ಒಂದು ಸಾಲಿನ ಹಿಂದೆ

ಬಟ್ಟೆ ಅಂಗಡಿಯ ರಸೀದಿಯನ್ನು ತಿರುಗಿಸಿ ನೋಡಿ. ಕೆಳತುದಿಯಲ್ಲೋ ಬೆನ್ನಿನಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ, ಬದಲಾಯಿಸುವುದಿಲ್ಲ.’ ಕೆಲವು ಅಂಗಡಿಗಳಲ್ಲಿ ಇದೇ ಮಾತನ್ನು ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟದ ಪಕ್ಕದಲ್ಲೇ ತೂಗುಹಾಕಿರುತ್ತಾರೆ. ಅದನ್ನು ಓದಿದ ಹೆಚ್ಚಿನವರು ಅದೇ ಕಾನೂನು ಎಂದುಕೊಂಡು ಸುಮ್ಮನಾಗುತ್ತಾರೆ. ಹಾಳಾದ ಮಾಲಿನ ಮಟ್ಟಿಗೆ ಆ ಸಾಲಿಗೆ ಯಾವ ಬೆಲೆಯೂ ಇಲ್ಲ.

ಆದರೂ ಆ ಸಾಲು ಸುಮ್ಮನೆ ಹುಟ್ಟಿದ್ದಲ್ಲ. ಕೊಳ್ಳುವವನೇ ಕಣ್ಣು ಬಿಟ್ಟು ನೋಡಿ ಕೊಳ್ಳಬೇಕು ಎಂಬುದು ಹಳೆಯ ವ್ಯಾಪಾರದ ನಿಯಮ. 1930ರ ಸರಕು ಮಾರಾಟ ಕಾಯ್ದೆ ಇದಕ್ಕೆ ಕೆಲವು ವಿನಾಯಿತಿಗಳನ್ನು ಕೊಟ್ಟಿತ್ತು, ನಿಜ. ಆದರೆ ಕೆಟ್ಟುಹೋದ ರೇಡಿಯೊ ಹಿಡಿದುಕೊಂಡು ಸಿವಿಲ್ ಕೋರ್ಟಿಗೆ ಹೋದರೆ ಕೋರ್ಟ್ ಶುಲ್ಕ, ವಕೀಲರ ಫೀ, ವಾಯಿದೆ ಎಲ್ಲ ಸೇರಿ ರೇಡಿಯೊದ ಬೆಲೆಯನ್ನೇ ನುಂಗಿಹಾಕುತ್ತಿದ್ದವು. 1984ರಲ್ಲಿ ಏಕಸ್ವಾಮ್ಯ ತಡೆ ಕಾಯ್ದೆಗೆ ತಿದ್ದುಪಡಿಯಾಗಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಮಾತು ಮೊದಲ ಬಾರಿಗೆ ಅದರೊಳಗೆ ಬಂತು. ಆದರೆ ಆ ಕಾಯ್ದೆಯಡಿ ದೂರು ಕೇಳುವ ಆಯೋಗ ಇದ್ದದ್ದು ದೆಹಲಿಯಲ್ಲಿ. ಹಾವೇರಿಯ ಗಿರಾಕಿಗೆ ಅದು ಇದ್ದೂ ಇಲ್ಲದಂತೆಯೇ.

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ಮೇಲೆ ರಾಷ್ಟ್ರೀಯ ಆಯೋಗ. ವಕೀಲರಿಲ್ಲದೆ ದೂರುದಾರರೇ ನಿಂತು ಮಾತಾಡಬಹುದು. ಆರಂಭದಲ್ಲಿ ಜಿಲ್ಲಾ ವೇದಿಕೆ ನೋಡುತ್ತಿದ್ದದ್ದು ಒಂದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಮಾತ್ರ. 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗ ‘ವೇದಿಕೆ’ ಹೋಗಿ ‘ಆಯೋಗ’ವಾಯಿತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಕನ್ಸ್ಯೂಮರ್ ಕೋರ್ಟ್. 2021ರ ಕೊನೆಯಲ್ಲಿ ಬಂದ ನಿಯಮದ ಪ್ರಕಾರ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟದ್ದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ.

ಹೊಸ ಕಾಯ್ದೆಯಲ್ಲಿ ರಸೀದಿಯ ಆ ಸಾಲಿಗೆ ನೇರ ಉತ್ತರವೇ ಇದೆ. ದೋಷವಿರುವ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇಲ್ಲಿ ‘ದೋಷ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸೀರೆಯ ಬಣ್ಣ ಮನೆಯ ಬೆಳಕಿನಲ್ಲಿ ಬೇರೆ ಕಂಡಿತು, ಅತ್ತಿಗೆಗೆ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಅಲ್ಲಿ ಬದಲಾಯಿಸಿಕೊಡುವುದು ಅಂಗಡಿಯವರ ದೊಡ್ಡತನ. ಮೊದಲ ಒಗೆತಕ್ಕೇ ಜರಿ ಕಪ್ಪಾಗಿ ಅಂಚು ಬಿಟ್ಟುಬಂದರೆ ಅದು ದೋಷ.

ದೋಷದ ಹೊರತಾಗಿಯೂ ದೂರುಗಳಿವೆ. ಮುದ್ರಿತ ಬೆಲೆಗಿಂತ ಹೆಚ್ಚು ವಸೂಲಿ, ಸುಳ್ಳು ಜಾಹೀರಾತು, ಹಣ ಪಡೆದು ಮಾಡದೆ ಬಿಟ್ಟ ರಿಪೇರಿ, ಬಳಸಿದವರಿಗೆ ಗಾಯ ಮಾಡಿದ ಸರಕು ಎಲ್ಲವೂ ಆಯೋಗದ ಮುಂದೆ ಬರುತ್ತವೆ. ಮೊತ್ತ ಎಷ್ಟು ಸಣ್ಣದಾದರೂ ಪರವಾಗಿಲ್ಲ. 2019ರಲ್ಲಿ ಚಂಡೀಗಢದ ಚಪ್ಪಲಿ ಮಳಿಗೆಯೊಂದು ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದ್ದಕ್ಕೆ ಅಲ್ಲಿನ ವೇದಿಕೆ ಪರಿಹಾರ, ಖರ್ಚು, ದಂಡ ಎಲ್ಲ ಸೇರಿಸಿ ಸುಮಾರು 9 ಸಾವಿರ ತೆರುವಂತೆ ಹೇಳಿತು. ಮರುವರ್ಷ ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗವೂ, ಚೀಲಕ್ಕೆ ದುಡ್ಡು ಎಂಬುದನ್ನು ಮೊದಲೇ ತಿಳಿಸದೆ ಬಿಲ್ಲಿನ ಹೊತ್ತಿಗೆ ಹೇಳುವುದು ತಪ್ಪೆಂದಿತು.

ಒಂದು ಪ್ರಕರಣವನ್ನು ಊಹಿಸಿಕೊಳ್ಳೋಣ. ದಾವಣಗೆರೆಯ ಮಹಿಳೆಯೊಬ್ಬರು ಹುಬ್ಬಳ್ಳಿಯ ಅಂಗಡಿಯಲ್ಲಿ 28,000 ರೂಪಾಯಿಗೆ ಫ್ರಿಜ್ ಕೊಂಡರು. ಮೂರನೇ ತಿಂಗಳಿಗೆ ತಂಪಾಗುವುದೇ ನಿಂತಿತು. ಮೆಕ್ಯಾನಿಕ್ ಎರಡು ಸಲ ಬಂದು ಗ್ಯಾಸ್ ತುಂಬಿಸಿ ಹೋದ. ವಾರದಲ್ಲಿ ಮತ್ತೆ ಅದೇ ಕಥೆ. ಅಂಗಡಿಯವರು ಕಂಪನಿಯನ್ನು ಕೇಳಿ ಎನ್ನುತ್ತಾರೆ, ಕಂಪನಿಯವರು ವೋಲ್ಟೇಜ್ ಏರಿಳಿತ ಎನ್ನುತ್ತಾರೆ.

ಈ ಮಹಿಳೆ ಮೊದಲು ಅಂಗಡಿ, ಕಂಪನಿ ಇಬ್ಬರಿಗೂ ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸುವುದು ಒಳ್ಳೆಯದು. ರಾಷ್ಟ್ರೀಯ ಸಹಾಯವಾಣಿ 1915ಕ್ಕೂ ಹೇಳಬಹುದು. ಅವರು ಕಂಪನಿಯೊಡನೆ ಮಾತಾಡಿ ಎಷ್ಟೋ ದೂರು ಬಗೆಹರಿಸುತ್ತಾರೆ, ಆದರೆ ಅವರ ಮಾತು ಕೋರ್ಟಿನ ಆದೇಶವಲ್ಲ. ಅಲ್ಲಿ ಬಗೆಹರಿಯದಿದ್ದರೆ ಆಯೋಗ. ಹಳೆಯ ಕಾಯ್ದೆಯಡಿ ಇವರು ಬಹುತೇಕ ಹುಬ್ಬಳ್ಳಿಯ ಕಡೆಗೇ ಅಲೆಯಬೇಕಾಗಿತ್ತು. ಈಗ ತಾವು ವಾಸವಿರುವ ದಾವಣಗೆರೆ ಜಿಲ್ಲೆಯಲ್ಲೇ ದಾಖಲಿಸಬಹುದು. ಆನ್‌ಲೈನಿನಲ್ಲಿ ಎಲ್ಲೋ ಗುರುಗ್ರಾಮದ ಕಂಪನಿಯಿಂದ ತರಿಸಿಕೊಂಡವರಿಗೆ ಈ ಒಂದು ಬದಲಾವಣೆಯಿಂದ ಆದ ಉಪಕಾರ ಸಣ್ಣದಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ತೊಂದರೆ ಶುರುವಾದಾಗಿನಿಂದ ಎರಡು ವರ್ಷದೊಳಗೆ ದೂರು ಕೊಡಬೇಕು, ಅಂಗಡಿ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬೇಕು. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಜಾರಿಕೊಳ್ಳುವ ದಾರಿ ಹುಡುಕುತ್ತಾರೆ.

ಎದುರುದಾರರಿಗೆ ಉತ್ತರ ಕೊಡಲು 30 ದಿನ, ಕೇಳಿದರೆ ಇನ್ನು 15 ದಿನ. ಅದರಾಚೆಗೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಡಾಖಂಡಿತ ಹೇಳಿದೆ. ಅಲ್ಲಿಂದ ಮುಂದೆ ಪ್ರಕರಣ ನಿಲ್ಲುವುದು ಅಥವಾ ಬೀಳುವುದು ಕಾಗದದ ಮೇಲೆ. ಮೆಕ್ಯಾನಿಕ್ ಬಂದಾಗಲೆಲ್ಲ ಕೊಡುವ ಜಾಬ್ ಕಾರ್ಡಿನಲ್ಲಿ ‘ಗ್ಯಾಸ್ ತುಂಬಿಸಲಾಗಿದೆ’ ಎಂದು ಎರಡು ಸಲ ಬರೆದಿದ್ದರೆ, ಗ್ಯಾಸ್ ಸೋರುತ್ತಿರುವುದಕ್ಕೆ ಕಂಪನಿಯ ಕೈಬರಹವೇ ಸಾಕ್ಷಿ. ಆ ಚೀಟಿಯನ್ನು ಹಾಲಿನ ಲೆಕ್ಕ ಬರೆಯಲು ಬಳಸಿ ಎಸೆದವರ ಬಳಿ ಉಳಿಯುವುದು ಬಾಯಿಮಾತು ಮಾತ್ರ. ತಯಾರಿಕೆಯಲ್ಲೇ ದೋಷವಿದೆ ಎನ್ನುವವರು ಅದನ್ನು ತೋರಿಸಿಕೊಡಬೇಕು. ಪರಿಣತರ ವರದಿಯಿಲ್ಲದೆ ಸೋತ ಪ್ರಕರಣಗಳು ಬಹಳ. ಬೇಕಾದಲ್ಲಿ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು.

ಇದೇ ಫ್ರಿಜ್ ಮಹಿಳೆಯ ಅಡುಗೆಮನೆಯಲ್ಲಿರದೆ ದೊಡ್ಡ ಬೇಕರಿಯೊಂದರಲ್ಲಿದ್ದರೆ? ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಪ್ರಕಾರ ‘ಗ್ರಾಹಕ’ರೇ ಅಲ್ಲ. ಆದರೆ ತಾವೇ ದುಡಿದು ಹೊಟ್ಟೆ ಹೊರೆಯಲು ಐಸ್‌ಕ್ರೀಮಿನ ಸಣ್ಣ ಅಂಗಡಿ ಇಟ್ಟುಕೊಂಡವರು ಗ್ರಾಹಕರೇ. ಇವೆರಡರ ನಡುವಿನ ಗೆರೆಯನ್ನು ಹಿಡಿದು ವರ್ಷಗಟ್ಟಲೆ ಎಳೆದಾಡಿದ ದಾವೆಗಳಿವೆ.

ಕಾಯ್ದೆ ತೀರ್ಪಿಗೆ ಮೂರು ತಿಂಗಳು, ಪರೀಕ್ಷೆ ಬೇಕಿದ್ದರೆ ಐದು ತಿಂಗಳು ಎನ್ನುತ್ತದೆ. ಕ್ಯಾಲೆಂಡರ್ ಬೇರೆಯೇ ಮಾತು ಹೇಳುತ್ತದೆ. ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿ ಹೋದರೆ ಆದೇಶದ ಅರ್ಧ ಮೊತ್ತವನ್ನು ಮೊದಲೇ ಕಟ್ಟಬೇಕು ಎಂಬುದೊಂದು ಸಮಾಧಾನ.

ಉತ್ತರ ಪ್ರದೇಶದ ಮಥುರಾದಲ್ಲಿ 1999ರ ಕ್ರಿಸ್‌ಮಸ್ ದಿನ ಪ್ರಯಾಣಿಕರೊಬ್ಬರು ಮೊರಾದಾಬಾದಿಗೆ ತಲಾ 35 ರೂಪಾಯಿಯ ಎರಡು ರೈಲು ಟಿಕೆಟ್ ಕೇಳಿದರು. ಕೌಂಟರಿನ ಗುಮಾಸ್ತ 70ರ ಬದಲು 90 ಹಿಡಿದ. ಆ 20 ರೂಪಾಯಿಗಾಗಿ ಹೂಡಿದ ದೂರಿಗೆ ತೀರ್ಪು ಬಂದದ್ದು 2022ರ ಆಗಸ್ಟಿನಲ್ಲಿ: 20 ರೂಪಾಯಿ, ಅದಕ್ಕೆ ಶೇ 12ರ ಬಡ್ಡಿ, ಜೊತೆಗೆ 15,000. ನಡುವೆ ನೂರಕ್ಕೂ ಹೆಚ್ಚು ವಾಯಿದೆಗಳಾಗಿದ್ದವು. ಅಷ್ಟಕ್ಕೂ ಅವರು ಹಾಜರಾಗಲು ಸಾಧ್ಯವಾದದ್ದಕ್ಕೆ ಒಂದು ಕಾರಣವಿದೆ: ಅವರ ವೃತ್ತಿಯೇ ವಕೀಲಿಕೆ.