ರಾಜಿ ಅಂದರೆ ಕೈ ಕುಲುಕಿಸುವುದಲ್ಲ

ಗದಗ ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಯ ಜೀವನ ಕೌಶಲ ಪಾಠ ನೋಡುತ್ತ ಕೂತಿದ್ದೆ. ಕೈವಾರಕ್ಕಾಗಿ ಜಗಳವಾಡುವ ಇಬ್ಬರು ಹುಡುಗರ ಪಾತ್ರಾಭಿನಯ. ಎರಡೇ ನಿಮಿಷಕ್ಕೆ ಮಾಸ್ತರರು ನಡುವೆ ಬಂದು, "ಸಾರಿ ಅನ್ರಲೇ, ಕೈ ಕೊಡ್ರಿ" ಅಂದರು. ಕೊಟ್ಟರು. ಕೊಡುವಾಗ ಒಬ್ಬ ಗೋಡೆ ನೋಡುತ್ತಿದ್ದ. "ರಾಜಿ ಆತು ನೋಡ್ರಿ" ಅಂತ ಮಾಸ್ತರರು ನನ್ನ ಕಡೆ ತಿರುಗಿದರು. ಈ ಮಾತನ್ನು ಎಷ್ಟು ಶಾಲೆಗಳಲ್ಲಿ ಕೇಳಿದ್ದೇನೋ!

ರಾಜಿ ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂದ ಪದ. ಮೂಲದಲ್ಲಿ ಅದು ಒಪ್ಪಂದದ ಹೆಸರಲ್ಲ, ಮನುಷ್ಯನ ಸ್ಥಿತಿ. ರಾಜಿ ಅಂದರೆ ಮನಸ್ಸಿನಿಂದ ಒಪ್ಪಿದವನು. ರಾಜೀನಾಮೆ ಅಂದರೆ ಒಪ್ಪಿ ಬರೆದುಕೊಟ್ಟ ಕಾಗದ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ರೈತ ಹೊಲ ಬಿಟ್ಟುಕೊಡಲು ಬರೆಯುತ್ತಿದ್ದದ್ದೂ ರಾಜೀನಾಮೆಯೇ. ನೌಕರಿ ಬಿಡುವವರ ರಾಜೀನಾಮೆಯೂ ಇದೇ ಪದ. ಮಕ್ಕಳಿಗೆ ಪ್ರಿಯವಾದ ರಜೆ ಕೂಡ ಇದೇ ಮನೆತನದ್ದು. ಅದರ ಮೂಲ ಅರ್ಥವೂ ಒಪ್ಪಿಗೆಯೇ. ಹುಬ್ಬಳ್ಳಿಯಲ್ಲಿ ಉರ್ದು ಕಿವಿಗೆ ಬೀಳದ ಓಣಿ ಕಡಿಮೆ, "ಮಿಯಾ ಬೀವಿ ರಾಜಿ ತೋ ಕ್ಯಾ ಕರೇಗಾ ಕಾಜಿ" ಅನ್ನೋ ಗಾದೆ ಗೊತ್ತೇ ಇರುತ್ತದೆ: ಗಂಡ ಹೆಂಡತಿ ಒಪ್ಪಿದ್ದರೆ ಕಾಜಿ ಏನು ಮಾಡಿಯಾನು? ನಮ್ಮ ಪಾಠದಲ್ಲಿ ಕಾಜಿ ಮಾತ್ರ ರಾಜಿ ಆಗಿದ್ದರು, ಅಲ್ವಾ?

ಹಾಗಾದರೆ ಅದೇ ಕೈವಾರದ ಜಗಳವನ್ನು ಸರಿಯಾಗಿ ಆಡಿಸುವುದು ಹೇಗೆ? ಇಬ್ಬರ ಜೊತೆ ಮೂರನೆಯ ಹುಡುಗನೊಬ್ಬ ನಡುವೆ ಕೂರಬೇಕು. ಅವನು ತೀರ್ಪು ಹೇಳುವಂತಿಲ್ಲ. ನಿಯಮ ಒಂದೇ: ಜಗಳದ ಇಬ್ಬರಲ್ಲಿ ಪ್ರತಿಯೊಬ್ಬನೂ ತನ್ನ ಮಾತಿಗೆ ಮೊದಲು ಎದುರಿನವನ ಮಾತನ್ನು ಅವನು "ಹೌದು" ಅನ್ನುವ ತನಕ ತಿರುಗಿ ಹೇಳಬೇಕು.

"ನನ್ನ ಕೈವಾರ ಕೇಳದ ಒಯ್ದಿ. ಸ್ಕ್ರೂ ಕಳದು ತಂದಿ. ನನಗ ಭಾಳ ಸಿಟ್ಟು ಬಂತು."

"ಸ್ಕ್ರೂ ಕಳೀತಂತ ನಿನಗ ಸಿಟ್ಟು."

"ಅಲ್ಲಲೇ. ಕೇಳಲಿಲ್ಲಂತ."

ಈ "ಅಲ್ಲಲೇ" ಸಿಗುವುದಕ್ಕೇ ಇಷ್ಟೆಲ್ಲ. ಸಾರಿ ಅನ್ನಿಸಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ. ಆಮೇಲೆ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡು ಇನ್ನೊಮ್ಮೆ ಆಡಬೇಕು. ಕೊನೆಗೆ ಬರುವ ಮಾತು "ಇನ್ನ ಜಗಳಾಡಂಗಿಲ್ರಿ" ಅಂತ ಇದ್ದರೆ ಅದು ಮಾಸ್ತರರಿಗೆ ಹೇಳಿದ್ದು. "ಸೋಮವಾರ ಸ್ಕ್ರೂ ಹಾಕಿಸಿ ತರತೀನಿ, ಮುಂದ ಕೇಳಿ ಒಯ್ಯತೀನಿ" ಅಂತ ಇದ್ದರೆ ಗೆಳೆಯನಿಗೆ ಹೇಳಿದ್ದು. ಸೋಮವಾರ ಬಂದಾಗ ಸ್ಕ್ರೂ ಬಂತಾ ಅಂತ ನೋಡಬಹುದು.

ಒಂದು ಎಚ್ಚರ. ಇದನ್ನು ಬೇರೆಯವರ ಜಗಳದ ಮೇಲೆ ಆಡಿಸಿ. ನಿಜವಾಗಿ ಜಗಳವಾಡಿದವರನ್ನು ಮುಷ್ಟಿ ಬಿಗಿದಿರುವಾಗಲೇ ಕೂರಿಸಬೇಡಿ, ಏದುಸಿರು ಇಳಿಯಲಿ. ಒಬ್ಬ ನಲ್ಲಿ ಹತ್ತಿರ, ಒಬ್ಬ ವರಾಂಡದಲ್ಲಿ, ಸುಮ್ನೆ ಹತ್ತು ನಿಮಿಷ ಬಿಟ್ಟರೂ ಸಾಕು.

ಇನ್ನು ದೊಡ್ಡ ಹುಡುಗ ದಿನಾ ಸಣ್ಣವನ ಡಬ್ಬಿ ಕಸಿಯುತ್ತಿದ್ದರೆ ಅದು ಜಗಳವೇ ಅಲ್ಲ. ಅಲ್ಲಿ ರಾಜಿಗೆ ಕೂರಿಸಿದರೆ ಸಣ್ಣವನು ಹೆದರಿ ಹೂಂ ಅಂತಾನೆ. ಆ ಕಸಿಯೋದನ್ನು ಮಾಸ್ತರರೇ ನಿಲ್ಲಿಸಬೇಕು.