ಸವಕಳಿ ಅಂತ ಬರೆದ ಹಣ ಯಾರ ಕೈಗೆ ಹೋಯಿತು?

ಪ್ರಶ್ನೆ: ನನ್ನದೊಂದು ಸಣ್ಣ ಮುದ್ರಣದ ಕೆಲಸ. ಈ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ಸವಕಳಿ ಅಂತ ಒಂದೂವರೆ ಲಕ್ಷ ಖರ್ಚು ತೋರಿಸಿದ್ದಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎಷ್ಟು ಹುಡುಕಿದರೂ ಆ ಹಣ ಹೊರಗೆ ಹೋದ ಗುರುತಿಲ್ಲ. ಯಾರಿಗೂ ಕೊಡದ ಹಣ ಖರ್ಚು ಹೇಗಾಯಿತು?

ಉತ್ತರ: ನೀವು ಹುಡುಕಿದ ಜಾಗ ಸರಿ, ವರ್ಷ ತಪ್ಪು. ಆ ಹಣ ಹೋಗಿದೆ. ಯಂತ್ರ ಕೊಂಡ ದಿನವೇ, ಒಂದೇ ಸಲ, ಪೂರ್ತಿಯಾಗಿ ಹೋಗಿದೆ. ಈಗ ಪ್ರತಿ ವರ್ಷ ನಡೆಯುತ್ತಿರುವುದು ಆ ಹಳೇ ಖರ್ಚನ್ನು ಪಾಲು ಮಾಡಿ ಬರೆದುಕೊಳ್ಳುವ ಕೆಲಸ ಅಷ್ಟೆ.

ಲೆಕ್ಕ ಹಾಕಿಯೇ ನೋಡೋಣ. ಮುದ್ರಣ ಯಂತ್ರದ ಬೆಲೆ 9 ಲಕ್ಷ ಅಂದುಕೊಳ್ಳಿ. ಸಾಗಿಸಿ ತಂದು, ಕೂರಿಸಿ, ಓಡುವ ಹಾಗೆ ಮಾಡಲು ಇನ್ನೂ 1 ಲಕ್ಷ. ಈ 1 ಲಕ್ಷವೂ ಯಂತ್ರದ ಬೆಲೆಗೇ ಸೇರುತ್ತದೆ, ಯಾಕೆಂದರೆ ಅದಿಲ್ಲದೆ ಯಂತ್ರ ಕೆಲಸಕ್ಕೆ ಬರುವುದಿಲ್ಲ. ಒಟ್ಟು 10 ಲಕ್ಷ. ಆರು ವರ್ಷ ಬಳಸಬಹುದು, ಆಮೇಲೆ ಗುಜರಿಗೆ ಹಾಕಿದರೆ 1 ಲಕ್ಷ ಸಿಗಬಹುದು ಎಂದು ಅಂದಾಜು. ಹಾಗಾದರೆ ಆರು ವರ್ಷದಲ್ಲಿ ನಿಜವಾಗಿ ಸವೆಯುವುದು 9 ಲಕ್ಷ. ಆರರಿಂದ ಭಾಗಿಸಿದರೆ ವರ್ಷಕ್ಕೆ ಒಂದೂವರೆ ಲಕ್ಷ. ನಿಮ್ಮ ಪಟ್ಟಿಯಲ್ಲಿರುವುದು ಇದೇ ತರಹದ ಅಂಕಿ.

ಇಷ್ಟೆಲ್ಲ ಯಾಕೆ, ಕೊಂಡ ವರ್ಷವೇ 10 ಲಕ್ಷ ಖರ್ಚು ಅಂತ ಬರೆದು ಮುಗಿಸಬಹುದಲ್ವಾ? ಬರೆದು ನೋಡಿ. ಪ್ರತಿ ವರ್ಷ 8 ಲಕ್ಷದ ಮುದ್ರಣ ಮಾಡುತ್ತೀರಿ, ಎಲ್ಲವೂ ನಗದು. ಕಾಗದ, ಶಾಯಿ, ಸಂಬಳ, ಕರೆಂಟು ಸೇರಿ 5 ಲಕ್ಷ ಖರ್ಚು, ಅದೂ ನಗದು. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಮೊದಲ ವರ್ಷ 3 ಲಕ್ಷ ಉಳಿಯಬೇಕಾದಲ್ಲಿ 7 ಲಕ್ಷ ನಷ್ಟ ಕಾಣುತ್ತದೆ. ಮುಂದಿನ ಐದು ವರ್ಷ ತಲಾ 3 ಲಕ್ಷ ಲಾಭ, ಯಂತ್ರ ಪುಕ್ಕಟೆ ಸಿಕ್ಕಿದ ಹಾಗೆ. ಕೆಲಸ ಆರೂ ವರ್ಷ ಒಂದೇ ರೀತಿ ನಡೆದಿದೆ, ಲೆಕ್ಕ ಮಾತ್ರ ಬೇರೆ ಕಥೆ ಹೇಳುತ್ತಿದೆ. ಯಂತ್ರ ಆರು ವರ್ಷ ದುಡಿಯುತ್ತದೆ ಅಂದಮೇಲೆ ಅದರ ಬೆಲೆಯೂ ಆರು ವರ್ಷದ ದುಡಿಮೆಯ ಎದುರಿಗೆ ಹರಡಿಕೊಳ್ಳಬೇಕು. ಆಗ ಪ್ರತಿ ವರ್ಷ 3 ಲಕ್ಷದಲ್ಲಿ ಒಂದೂವರೆ ಲಕ್ಷ ಸವಕಳಿ ಕಳೆದು, ಒಂದೂವರೆ ಲಕ್ಷ ಲಾಭ.

ಈಗ ಬ್ಯಾಂಕಿನ ಕಡೆ ಬನ್ನಿ. ಮೊದಲ ವರ್ಷ 10 ಲಕ್ಷ ಹೋಗಿ 3 ಲಕ್ಷ ಬಂದಿದೆ, ಅಂದರೆ 7 ಲಕ್ಷ ಇಳಿದಿದೆ. ಪುಸ್ತಕದಲ್ಲಿ ಮಾತ್ರ ಒಂದೂವರೆ ಲಕ್ಷ ಲಾಭ! ಎರಡನೇ ವರ್ಷದಿಂದ ಉಲ್ಟಾ. ಲಾಭ ಒಂದೂವರೆ ಲಕ್ಷ, ಬ್ಯಾಂಕಿನಲ್ಲಿ ಏರಿದ್ದು 3 ಲಕ್ಷ. ಕೊನೆಯ ವರ್ಷ ಗುಜರಿಯಿಂದ ಇನ್ನೊಂದು ಲಕ್ಷ ಬರುತ್ತದೆ. ಆರು ವರ್ಷದ್ದನ್ನು ಕೂಡಿಸಿ: ಲಾಭ ಒಟ್ಟು 9 ಲಕ್ಷ. ನಗದು 18 ಬಂತು, 10 ಹೋಯಿತು, ಗುಜರಿಯ 1 ಸೇರಿತು, ಅದೂ 9 ಲಕ್ಷ. ಎರಡೂ ಒಂದೇ ಕಡೆ ಬಂದು ನಿಂತವು. ದಾರಿಯಲ್ಲಿ ಮಾತ್ರ ಯಾವ ವರ್ಷಕ್ಕೆ ಎಷ್ಟು ಅನ್ನುವುದು ಬೇರೆ ಬೇರೆಯಾಗಿತ್ತು.

ನಂಬಿಕೆ ಬರದಿದ್ದರೆ ವರ್ಷದ ಕೊನೆಯಲ್ಲಿ ಹಾಕುವ ಎಂಟ್ರಿ ನೋಡಿ. ಸವಕಳಿ ಖಾತೆಗೆ ಡೆಬಿಟ್, ಸಂಚಿತ ಸವಕಳಿ ಖಾತೆಗೆ ಕ್ರೆಡಿಟ್. ಕೆಲವರು ನೇರವಾಗಿ ಯಂತ್ರದ ಖಾತೆಗೇ ಕ್ರೆಡಿಟ್ ಮಾಡುತ್ತಾರೆ. ಎರಡರಲ್ಲೂ ನಗದು ಖಾತೆ, ಬ್ಯಾಂಕ್ ಖಾತೆ ಬರುವುದೇ ಇಲ್ಲ. ಯಾವ ಎಂಟ್ರಿಯಲ್ಲಿ ಇವೆರಡೂ ಇಲ್ಲವೋ ಆ ಎಂಟ್ರಿಯಿಂದ ಹಣ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ನಾನು ಲೆಕ್ಕ ಕಲಿಯುವಾಗ ಇದೊಂದು ಪರೀಕ್ಷೆಯಿಂದಲೇ ಅರ್ಧ ಗೊಂದಲ ಕಳೆದುಕೊಂಡೆ.

ಇಲ್ಲೇ ಒಂದು ಹೊಸ ಗೊಂದಲ ಹುಟ್ಟುತ್ತದೆ. ನಗದು ಹರಿವಿನ ಪಟ್ಟಿ ಸಾಮಾನ್ಯವಾಗಿ ಲಾಭದಿಂದ ಶುರುವಾಗುತ್ತದೆ. ಅದಕ್ಕೆ ಸವಕಳಿಯನ್ನು ವಾಪಸ್ ಕೂಡಿಸಿರುತ್ತಾರೆ. ಅದನ್ನು ನೋಡಿ, ಸವಕಳಿಯಿಂದ ಹಣ ಬರುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಹಾಗೇನಿಲ್ಲ. ಯಂತ್ರದ ಆಯಸ್ಸು ಮೂರೇ ವರ್ಷ ಅಂತ ಹಿಡಿದರೆ ಸವಕಳಿ ವರ್ಷಕ್ಕೆ 3 ಲಕ್ಷವಾಗುತ್ತದೆ, ಲಾಭ ಸೊನ್ನೆ. ಸೊನ್ನೆಗೆ 3 ಲಕ್ಷ ಕೂಡಿಸಿ, 3 ಲಕ್ಷ. ಆರು ವರ್ಷ ಅಂತ ಹಿಡಿದಾಗ ಒಂದೂವರೆಗೆ ಒಂದೂವರೆ ಕೂಡಿಸಿ, ಆಗಲೂ 3 ಲಕ್ಷ. ಹಣ ತಂದದ್ದು ಗಿರಾಕಿಗಳು. ಕಳೆಯುವಾಗ ನಗದಲ್ಲದ ಒಂದು ಅಂಕಿಯನ್ನೂ ಕಳೆದಿದ್ದೆವು, ಅದನ್ನು ಮತ್ತೆ ಸೇರಿಸಿದೆವು.

ತೆರಿಗೆಯ ವಿಷಯದಲ್ಲಿ ಮಾತ್ರ ಸವಕಳಿ ನಿಜವಾದ ಹಣವನ್ನು ಮುಟ್ಟುತ್ತದೆ. ತೆರಿಗೆ ಶೇಕಡಾ 25 ಇದೆ, ಈ ಸವಕಳಿಯನ್ನು ಪೂರ್ತಿ ಒಪ್ಪುತ್ತಾರೆ ಅಂದುಕೊಳ್ಳಿ. 3 ಲಕ್ಷದ ಮೇಲೆ 75,000 ಕಟ್ಟುವ ಬದಲು ಒಂದೂವರೆ ಲಕ್ಷದ ಮೇಲೆ 37,500 ಕಟ್ಟುತ್ತೀರಿ. ಆದರೆ ಎಷ್ಟು ಸವಕಳಿ ಕಳೆಯಬಹುದು ಅನ್ನುವುದನ್ನು ತೆರಿಗೆ ಕಾನೂನು ತನ್ನದೇ ದರದಲ್ಲಿ ಹೇಳುವುದುಂಟು. ಆಗ ನಿಮ್ಮ ಪುಸ್ತಕದ ಅಂಕಿಗೂ ಅದಕ್ಕೂ ತಾಳೆಯಾಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಜಾಸ್ತಿ ಕಷ್ಟ ಕೊಡುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಆರನೇ ವರ್ಷಕ್ಕೆ ಸಂಚಿತ ಸವಕಳಿ 9 ಲಕ್ಷ ಅಂತ ಕಾಣುತ್ತದೆ. ಸಂಚಿತ ಅನ್ನುವ ಪದ ಕೇಳಿದರೆ ಎಲ್ಲೋ ಕೂಡಿಟ್ಟ ಹಣ ಇದ್ದ ಹಾಗೆ ಅನಿಸುತ್ತದೆ. ಹಾಗೆ ಹೆಸರಿಟ್ಟದ್ದೇ ತಪ್ಪು ಅಂತ ನನಗೆ ಅನಿಸುವುದುಂಟು. ಅದು ಯಂತ್ರದ ಬೆಲೆಯಲ್ಲಿ ಇಷ್ಟು ಖರ್ಚಿಗೆ ಬರೆದಾಯಿತು ಅನ್ನುವ ಗುರುತು, ಅದರ ಹಿಂದೆ ಒಂದು ಪೈಸೆಯೂ ಇರಬೇಕಾಗಿಲ್ಲ. ಮಾಲೀಕರು ವರ್ಷಾ ವರ್ಷ ಬ್ಯಾಂಕಿನಲ್ಲಿ ಕಂಡ 3 ಲಕ್ಷವನ್ನೂ ಮನೆಗೆ ತೆಗೆದುಕೊಂಡು ಹೋದರೆ, ಅದರಲ್ಲಿ ಅರ್ಧ ಮಾತ್ರ ಲಾಭ. ಉಳಿದರ್ಧ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತಿರುವ ಯಂತ್ರದ ದುಡ್ಡು. ಆರು ವರ್ಷ ಆದಮೇಲೆ ಹೊಸ ಯಂತ್ರ ಬೇಕಾದಾಗ ಕೈಯಲ್ಲಿರುವುದು ಗುಜರಿಯ 1 ಲಕ್ಷ ಮಾತ್ರ.

ಅಂದಾಜು ತಪ್ಪಿದರೆ? ನಾಲ್ಕು ವರ್ಷಕ್ಕೇ ಯಂತ್ರ ಮಾರಿದಿರಿ ಅನ್ನಿ. ಆ ಹೊತ್ತಿಗೆ 6 ಲಕ್ಷ ಸವಕಳಿ ಬರೆದಾಗಿದೆ, ಪುಸ್ತಕದಲ್ಲಿ ಯಂತ್ರದ ಬೆಲೆ 4 ಲಕ್ಷ. ಕೊಳ್ಳುವವರು ಕೊಟ್ಟದ್ದು 3 ಲಕ್ಷ. ಪುಸ್ತಕದ ಬೆಲೆ ಅಂದರೆ ಸಂತೆಯ ಬೆಲೆ ಅಲ್ಲ, ಇನ್ನೂ ಖರ್ಚಿಗೆ ಬರೆಯದೆ ಉಳಿದ ಪಾಲು. ಹಾಗಾಗಿ ಪಟ್ಟಿಯಲ್ಲಿ 1 ಲಕ್ಷ ನಷ್ಟ ಬರುತ್ತದೆ. ನೀವು ಮತ್ತೆ ಪಾಸ್‌ಬುಕ್ ತೆಗೆದರೆ ಹೊರಗೆ ಹೋದ 1 ಲಕ್ಷ ಸಿಗುವುದಿಲ್ಲ, ಒಳಗೆ ಬಂದ 3 ಲಕ್ಷ ಸಿಗುತ್ತದೆ. ಆ ನಷ್ಟ ಅಂದರೆ, ಹಿಂದಿನ ನಾಲ್ಕು ವರ್ಷದಲ್ಲಿ ಬರೆಯಬೇಕಾಗಿದ್ದ ಸವಕಳಿಯಲ್ಲಿ ಬಿಟ್ಟುಹೋಗಿದ್ದ 1 ಲಕ್ಷ.