ರೆಸಿನ್ ಸತ್ತಿದೆಯಾ? ಒಂದು ಗ್ರಾಂ ತೆಗೆದು ನೋಡಿ

ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿಸಿ ನಾಲ್ಕೈದು ವರ್ಷವಾದ ಮೇಲೆ, ಉಪ್ಪು ಹಾಕುತ್ತಿದ್ದರೂ ನಲ್ಲಿ ಮೇಲೆ ಬಿಳಿ ಕಲೆ ಕೂರಲು ಶುರುವಾಗುತ್ತದೆ. ರಿಪೇರಿಗೆ ಬಂದವರು ಸುಮ್ನೆ "ರೆಸಿನ್ ಹೋಗಿದೆ, ಬದಲಾಯಿಸಿ" ಅಂದುಬಿಡುತ್ತಾರೆ. ಹೋಗಿದೆಯೋ ಇಲ್ಲವೋ ಅಂತ ಅಳೆದು ನೋಡಬಹುದು. ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲೇ ಆಗುವ ಕೆಲಸ.

ರೆಸಿನ್ ಅಂದರೆ ಸಾಫ್ಟ್‌ನರ್ ಟ್ಯಾಂಕ್‌ನಲ್ಲಿ ತುಂಬಿರುವ, ಸಾಸಿವೆಗಿಂತ ಚಿಕ್ಕ ಪ್ಲಾಸ್ಟಿಕ್ ಮಣಿಗಳು. ಅವು ಸೋಡಿಯಂ ಬಿಟ್ಟುಕೊಟ್ಟು ನೀರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತವೆ, ಉಪ್ಪುನೀರು ಹಾಯ್ದಾಗ ಮತ್ತೆ ಸೋಡಿಯಂ ತುಂಬಿಕೊಳ್ಳುತ್ತವೆ. ಹಿಡಿಯುವ ಜಾಗ ಎಷ್ಟಿದೆ ಅಂತ ನೇರವಾಗಿ ಎಣಿಸಲು ಆಗಲ್ಲ. ಅದಕ್ಕೇ ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಯಿಸಿ ಎಲ್ಲ ಜಾಗದಲ್ಲೂ ಹೈಡ್ರೋಜನ್ ಕೂರಿಸುತ್ತೇವೆ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಬೇಕು, ಹೊರಬರುವ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಒಂಚೂರೂ ಬೆಳ್ಳಗಾಗಬಾರದು, ಅಲ್ಲಿಯವರೆಗೂ. ಇಲ್ಲಿ ಅವಸರ ಮಾಡಿದರೆ ಉಳಿದ ಆಮ್ಲವೂ ಲೆಕ್ಕಕ್ಕೆ ಸೇರಿ ರೆಸಿನ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಈಗ ಈ ಒದ್ದೆ ಮಣಿ 1 ಗ್ರಾಂ ತೂಗಿ, ತಳಕ್ಕೆ ಹತ್ತಿ ಇಟ್ಟ ಬ್ಯುರೆಟ್‌ಗೆ ನೀರಿನ ಜೊತೆಗೇ ಇಳಿಸಿ. ನೀರಿನ ಮಟ್ಟ ಯಾವಾಗಲೂ ಮಣಿಗಳಿಗಿಂತ ಮೇಲಿರಲಿ. ಒಮ್ಮೆ ಒಣಗಿ ಗಾಳಿಗುಳ್ಳೆ ಸೇರಿತೋ, ದ್ರಾವಣ ಪಕ್ಕದಲ್ಲೇ ಜಾರಿಹೋಗಿ ಅರ್ಧ ಮಣಿಗಳನ್ನು ಮುಟ್ಟುವುದೇ ಇಲ್ಲ. ಮೇಲಿನಿಂದ 0.25 ಮೋಲಾರ್ ಸೋಡಿಯಂ ಸಲ್ಫೇಟ್ 250 ಮಿ.ಲೀ. ಹಾಯಿಸಿ, ನಿಮಿಷಕ್ಕೆ 2 ಮಿ.ಲೀ.ನಂತೆ. ಎರಡು ಗಂಟೆ ಹಿಡಿಯುತ್ತದೆ. ಒಂದೊಂದು ಸೋಡಿಯಂ ಒಳಹೋದಾಗಲೂ ಒಂದೊಂದು ಹೈಡ್ರೋಜನ್ ಹೊರಬಂದು ಕೆಳಗಿನ ಫ್ಲಾಸ್ಕ್ ಸೇರುತ್ತದೆ. ಕೊನೆಯ ಹನಿಗಳಿಗೆ ಮಿಥೈಲ್ ಆರೆಂಜ್ ಹಾಕಿದಾಗ ಕೆಂಪಾದರೆ ಇನ್ನೂ ಹಾಯಿಸಬೇಕು, ಹಳದಿಯಾಗಿಯೇ ಇದ್ದರೆ ಮುಗಿಯಿತು.

ಫ್ಲಾಸ್ಕ್‌ನಲ್ಲಿ ಬಿದ್ದಿದ್ದಕ್ಕೆಲ್ಲ ಫಿನಾಫ್ತಲೀನ್ ಹಾಕಿ 0.1 ನಾರ್ಮಲ್ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ. ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು. 23 ಮಿ.ಲೀ. ಹಿಡಿಯಿತು ಅಂದುಕೊಳ್ಳಿ. 23 × 0.1, ಅಂದರೆ ಮಣಿಗಳಿಂದ ಹೊರಬಂದ ಹೈಡ್ರೋಜನ್ 2.3 ಮಿಲಿಈಕ್ವಿವಲೆಂಟ್, ಹಿಡಿಯುವ ಜಾಗವೂ ಅಷ್ಟೇ. ಆದರೆ ತೂಗಿದ್ದು ಒದ್ದೆ ಮಣಿ ಅಲ್ವಾ? ಅದೇ ರಾಶಿಯಿಂದ ಬೇರೆ ಒಂದು ಗ್ರಾಂ ತೆಗೆದು 105 ಡಿಗ್ರಿಯಲ್ಲಿ ಒಣಗಿಸಿದಾಗ ಅರ್ಧ ಗ್ರಾಂ ಉಳಿದರೆ, 2.3 ಅನ್ನು 0.5ರಿಂದ ಭಾಗಿಸಬೇಕು: ಒಣ ಗ್ರಾಂಗೆ 4.6. ಹೊಸ ರೆಸಿನ್ನೇ ಸುಮಾರು 4.5ರಿಂದ 5 ಇರುತ್ತದೆ. ಹಾಗಾಗಿ ಇದು ಸತ್ತಿಲ್ಲ. ಉಪ್ಪುನೀರು ಸರಿಯಾಗಿ ಎಳೆಯುತ್ತಿದೆಯಾ, ವಾಲ್ವ್ ಸೋರುತ್ತಿದೆಯಾ ಅಂತ ನೋಡಬೇಕು.

ಒಂದು ಮಾತ್ರ ನೆನಪಿಡಿ. ಬೋರ್ ನೀರಿನ ಕಬ್ಬಿಣ ಮಣಿಗಳಿಗೆ ಮೆತ್ತಿಕೊಂಡಿದ್ದರೆ, ನಾವು ಮೊದಲೇ ಹಾಯಿಸಿದ ಆಮ್ಲ ಅದನ್ನು ಕರಗಿಸಿ ತೊಳೆದುಬಿಡುತ್ತದೆ. ಟ್ಯಾಂಕ್‌ನಲ್ಲಿ ಕೆಲಸ ಮಾಡದ ರೆಸಿನ್ ಲ್ಯಾಬ್‌ನಲ್ಲಿ ಪಾಸಾಗುತ್ತದೆ! ಅದಕ್ಕೇ ಆ ಮೊದಲ ಆಮ್ಲವನ್ನು ಚೆಲ್ಲಬೇಡಿ. ಅದು ಹಳದಿಯಾಗಿದ್ದರೆ, ಎರಡು ಹನಿ ಥಯೋಸಯನೇಟ್ ಹಾಕಿ. ರಕ್ತದಂಥ ಕೆಂಪು ಬಂದರೆ ಕಬ್ಬಿಣ ಸಿಕ್ಕಿಬಿತ್ತು.